ಗಾಳಿಗೆ ಮೊದಲು ಸಿಕ್ಕ ಅಂಚು

ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಉಷ್ಣ ವರ್ಗಾವಣೆ ಪಾಠ ಮಾಡುತ್ತಿದ್ದಾಗ ನಮ್ಮ ಲ್ಯಾಬಿನ ಸಣ್ಣ ಗಾಳಿ ಸುರಂಗದಲ್ಲಿ ಒಂದು ಅಲ್ಯೂಮಿನಿಯಂ ಹಲಗೆ ತೂಗುತ್ತಿತ್ತು. 40 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಎತ್ತರ, 5 ಮಿಲಿಮೀಟರ್ ದಪ್ಪ. ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಿದ್ದೆವು. ಗಾಳಿ ಬರುವ ಕಡೆಯ ಅಂಚನ್ನು ಅರದಿಂದ ಅರೆದು ಚೂಪು ಮಾಡಿದ್ದೆವು. ಹಲಗೆಯನ್ನು ಓವನ್ನಿನಲ್ಲಿ 80 ಡಿಗ್ರಿಗೆ ಕಾಯಿಸಿ, ಎರಡು ತೆಳು ತಂತಿಗಳಿಂದ ಸುರಂಗದೊಳಗೆ ನಿಲ್ಲಿಸಿ ಫ್ಯಾನ್ ಹಾಕಿದರೆ ಸೆಕೆಂಡಿಗೆ 2 ಮೀಟರ್ ವೇಗದ ಗಾಳಿ ಅದರ ಎರಡೂ ಮೈಗಳನ್ನು ಸವರಿಕೊಂಡು ಉದ್ದಕ್ಕೂ ಹರಿಯುತ್ತಿತ್ತು. ಹಲಗೆ ಎಷ್ಟು ಬೇಗ ಆರುತ್ತದೆ ಎಂದು ಮೊದಲು ಲೆಕ್ಕ ಹಾಕಿ, ಆಮೇಲೆ ಗಡಿಯಾರ ಹಿಡಿದು ನೋಡಬೇಕು. ಇಷ್ಟೇ ಪ್ರಯೋಗ.

ಒಮ್ಮೆ ಒಬ್ಬ ಹುಡುಗ ಡೇಟಾ ಬುಕ್ಕಿನ ಹಾಳೆಗಳನ್ನು ಹಿಂದೆ ಮುಂದೆ ಮಗುಚುತ್ತಾ ಕೂತಿದ್ದ. ಏನು ಹುಡುಕುತ್ತಿದ್ದೀಯ ಎಂದು ಕೇಳಿದೆ. "ಸರ್, ಅಲ್ಯೂಮಿನಿಯಂನ h ಎಷ್ಟು? ಸಾಂದ್ರತೆ ಇದೆ, ಉಷ್ಣವಾಹಕತೆ ಇದೆ, ಇದೊಂದೇ ಸಿಗ್ತಿಲ್ಲ" ಅಂದ. ಅವನ ಪ್ರಶ್ನೆ ದಡ್ಡ ಪ್ರಶ್ನೆಯಲ್ಲ. ಪುಸ್ತಕದಲ್ಲಿ ಎಲ್ಲದಕ್ಕೂ ಒಂದೊಂದು ಸಂಖ್ಯೆ ಇರುವಾಗ ಇದಕ್ಕೂ ಇರಬೇಕು ಅನ್ನಿಸುವುದು ಸಹಜ. ಆದರೆ h ಅಲ್ಯೂಮಿನಿಯಂನ ಗುಣವಲ್ಲ, ಗಾಳಿಯೊಂದರ ಗುಣವೂ ಅಲ್ಲ. ಗಾಳಿ ಯಾವ ವೇಗದಲ್ಲಿ, ಎಷ್ಟು ಉದ್ದದ ಹಲಗೆಯ ಮೇಲೆ, ಯಾವ ರೀತಿ ಹರಿಯುತ್ತಿದೆ ಎಂಬುದರಿಂದ ಅದು ಹುಟ್ಟುತ್ತದೆ. ಹಲಗೆ ಬದಲಾದರೆ, ಅದೇ ಹಲಗೆಯನ್ನು ಅಡ್ಡ ತಿರುಗಿಸಿದರೂ ಸಾಕು, h ಬೇರೆಯಾಗುತ್ತದೆ.

h ಅಂದರೆ ಉಷ್ಣ ವರ್ಗಾವಣೆ ಗುಣಾಂಕ. ಹಲಗೆ ಗಾಳಿಗಿಂತ ಒಂದು ಡಿಗ್ರಿ ಬಿಸಿ ಇದ್ದರೆ, ಅದರ ಒಂದು ಚದರ ಮೀಟರ್ ಮೈಯಿಂದ ಎಷ್ಟು ವಾಟ್ ಶಾಖ ಗಾಳಿಗೆ ಹೋಗುತ್ತದೆ ಎಂಬ ಲೆಕ್ಕ. ಅದು ಗೊತ್ತಾದರೆ ಉಳಿದದ್ದು ಬರೀ ಗುಣಾಕಾರ. h, ಮೈಯ ವಿಸ್ತೀರ್ಣ, ಉಷ್ಣಾಂಶದ ಅಂತರ, ಈ ಮೂರನ್ನು ಗುಣಿಸಿದರೆ ಹೊರಟುಹೋಗುವ ಶಾಖ ಸಿಗುತ್ತದೆ. ಕಷ್ಟವೆಲ್ಲ h ಕಂಡುಹಿಡಿಯುವುದರಲ್ಲೇ ಇದೆ.

ಅದಕ್ಕೆ ಹಲಗೆಯ ಮೈಗೆ ಹತ್ತಿರ ಹೋಗಿ ನೋಡಬೇಕು. ಲೋಹಕ್ಕೆ ತಾಗಿಕೊಂಡಿರುವ ಗಾಳಿ ಚಲಿಸುವುದೇ ಇಲ್ಲ, ಅಂಟಿಕೊಂಡಂತೆ ನಿಂತಿರುತ್ತದೆ. ಅದರ ಮೇಲಿನ ಪದರ ಸ್ವಲ್ಪ ಸರಿಯುತ್ತದೆ, ಅದರ ಮೇಲಿನದು ಇನ್ನಷ್ಟು. ಹೀಗೆ ಮೈಯಿಂದ ದೂರ ಹೋದಂತೆ ವೇಗ ಏರುತ್ತಾ ಸೆಕೆಂಡಿಗೆ 2 ಮೀಟರ್ ಮುಟ್ಟುತ್ತದೆ. ನಿಂತ ಗಾಳಿಯಿಂದ ಪೂರ್ತಿ ವೇಗದ ಗಾಳಿಯವರೆಗಿನ ಈ ತೆಳು ಪಟ್ಟಿಯನ್ನು ಗಡಿಪದರ ಅನ್ನುತ್ತಾರೆ. ಜರ್ಮನಿಯ ಲುಡ್ವಿಗ್ ಪ್ರಾಂಟಲ್ 1904ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ನಡೆದ ಗಣಿತ ಸಮ್ಮೇಳನದಲ್ಲಿ ಈ ಕಲ್ಪನೆಯನ್ನು ಮುಂದಿಟ್ಟ. ದ್ರವದ ಅಂಟುತನದ ಪರಿಣಾಮವೆಲ್ಲ ಈ ತೆಳು ಪಟ್ಟಿಯೊಳಗೇ ಮುಗಿಯುತ್ತದೆ, ಅದರಾಚೆ ಅದನ್ನು ಮರೆತುಬಿಡಬಹುದು ಎಂಬುದು ಅವನ ಮಾತಿನ ತಿರುಳು. ಅಲ್ಲಿಯವರೆಗೆ ಬಿಡಿಸಲಾಗದೆ ಕೂತಿದ್ದ ಸಮೀಕರಣಗಳಿಗೆ ಆ ಮಾತಿನಿಂದ ದಾರಿ ಸಿಕ್ಕಿತು.

ಗಡಿಪದರ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಗಾಳಿ ಹಲಗೆಯನ್ನು ಮೊದಲು ಮುಟ್ಟುವ ಅಂಚಿನಲ್ಲಿ ಅದು ಇನ್ನೂ ಹುಟ್ಟಿರುವುದೇ ಇಲ್ಲ. ಮುಂದೆ ಸಾಗಿದಂತೆ ಹೆಚ್ಚು ಹೆಚ್ಚು ಗಾಳಿ ನಿಧಾನವಾಗುತ್ತಾ ಪದರ ಬೆಳೆಯುತ್ತದೆ. ನಮ್ಮ ಹಲಗೆಯ ಮೇಲೆ 10 ಸೆಂಟಿಮೀಟರ್ ದಾಟುವ ಹೊತ್ತಿಗೆ ಸುಮಾರು 5 ಮಿಲಿಮೀಟರ್, 40 ಸೆಂಟಿಮೀಟರ್‌ನ ಕೊನೆಯಲ್ಲಿ ಸುಮಾರು ಒಂದು ಸೆಂಟಿಮೀಟರ್. ಉದ್ದ ನಾಲ್ಕು ಪಟ್ಟಾದರೆ ದಪ್ಪ ಎರಡು ಪಟ್ಟು. ಅಂದರೆ ದಪ್ಪ ಬೆಳೆಯುವುದು ದೂರದ ವರ್ಗಮೂಲದಂತೆ. ಇದರ ಜೊತೆಗೇ ಬಿಸಿಯ ಪದರವೂ ಬೆಳೆಯುತ್ತದೆ. ಮುಂಚೂಣಿಯ ಅಂಚಿಗೆ ತಾಜಾ ತಣ್ಣನೆಯ ಗಾಳಿ ತಾಗುತ್ತದೆ. ಹಿಂದಿನ ತುದಿಗೆ ಬರುವ ಹೊತ್ತಿಗೆ ಮೈಗಂಟಿದ ಗಾಳಿ ಆಗಲೇ ಕಾದಿರುತ್ತದೆ, ಕಂಬಳಿ ಹೊದ್ದ ಹಾಗೆ.

ಚಿತ್ರಾನ್ನಕ್ಕೆಂದು ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರವಿ ಫ್ಯಾನಿನ ಎದುರು ಇಟ್ಟವರಿಗೆ ಇದು ಕೈಗೇ ಗೊತ್ತು. ಫ್ಯಾನಿನ ಕಡೆಯ ಅಂಚಿನ ಅನ್ನ ಉದುರುದುರಾಗಿ ಆರಿರುತ್ತದೆ, ಆಚೆ ಅಂಚಿನದು ಇನ್ನೂ ಬೆಚ್ಚಗಿರುತ್ತದೆ. ಅಲ್ಲಿ ನೀರು ಆವಿಯಾಗುವುದೂ ಸೇರಿಕೊಳ್ಳುತ್ತದೆ, ನಿಜ. ಆದರೆ ಮುಂದಿನ ಅಂಚಿಗೆ ಹೆಚ್ಚು ಸಿಗುವುದು, ಹಿಂದಿನದಕ್ಕೆ ಕಡಿಮೆ ಸಿಗುವುದು ಇದೇ ಪದರದ ದೆಸೆಯಿಂದ.

ಹಾಗಾದರೆ ಹಲಗೆಗೆ ಒಂದೇ h ಇರುವುದಿಲ್ಲ, ಒಂದೊಂದು ಜಾಗಕ್ಕೆ ಒಂದೊಂದು. ನಮ್ಮ ಹಲಗೆಯಲ್ಲಿ ಅಂಚಿನಿಂದ 1 ಸೆಂಟಿಮೀಟರ್ ಒಳಗೆ ಅದು ಸುಮಾರು 27. 10 ಸೆಂಟಿಮೀಟರ್‌ನಲ್ಲಿ 8.6. 40 ಸೆಂಟಿಮೀಟರ್‌ನ ಕೊನೆಯಲ್ಲಿ 4.3 ಮಾತ್ರ. ಎಲ್ಲವೂ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿಗೆ ವಾಟ್‌ಗಳಲ್ಲಿ. ಇಡೀ ಹಲಗೆಯಿಂದ ಎಷ್ಟು ಶಾಖ ಹೊರಡುತ್ತದೆ ಎಂದು ತಿಳಿಯಬೇಕಾದವನಿಗೆ ಬೇಕಾದದ್ದು ಇವೆಲ್ಲದರ ಸರಾಸರಿ. h ದೂರದ ವರ್ಗಮೂಲಕ್ಕೆ ವಿಲೋಮವಾಗಿ ಇಳಿಯುವುದರಿಂದ, ಅಂಚಿನಿಂದ ಕೊನೆಯವರೆಗೆ ಕೂಡಿ ಉದ್ದದಿಂದ ಭಾಗಿಸಿದರೆ ಒಂದು ಚೊಕ್ಕ ಫಲಿತಾಂಶ ಬರುತ್ತದೆ. ಸರಾಸರಿ ಯಾವಾಗಲೂ ಕೊನೆಯ ತುದಿಯ ಬೆಲೆಯ ಸರಿಯಾಗಿ ಎರಡು ಪಟ್ಟು. ನಮ್ಮ ಹಲಗೆಗೆ 8.6.

ಈ ಸರಾಸರಿ 10 ಸೆಂಟಿಮೀಟರ್‌ನಲ್ಲಿರುವ ಬೆಲೆಗೆ ಸಮ ಎಂಬುದನ್ನು ಗಮನಿಸಿ. ಯಾವ ಹಲಗೆಯಾದರೂ ಕಾಲು ಭಾಗದಲ್ಲಿರುವ h ಇಡೀ ಹಲಗೆಯ ಸರಾಸರಿಯೇ. ಇನ್ನೂ ಒಂದು ಸಂಗತಿ ಇದೆ, ಅದನ್ನು ಮೊದಲ ಸಲ ಕಂಡಾಗ ನನಗೆ ನಂಬಿಕೆಯೇ ಬರಲಿಲ್ಲ. ಹಲಗೆ ಕೊಡುವ ಒಟ್ಟು ಶಾಖದಲ್ಲಿ ಅರ್ಧ, ಮೊದಲ ಕಾಲು ಭಾಗದಿಂದಲೇ ಹೋಗಿಬಿಡುತ್ತದೆ. ಉಳಿದ ಅರ್ಧವನ್ನು ಕಳಿಸಲು ಮುಕ್ಕಾಲು ಹಲಗೆ ದುಡಿಯಬೇಕು.

ಈಗ ಈ ಅಂಕಿಗಳು ಬಂದದ್ದು ಹೇಗೆ ಎಂದು ನೋಡೋಣ. ಗಾಳಿಯ ವೇಗ, ಹಲಗೆಯ ಉದ್ದ, ಗಾಳಿಯ ಸ್ನಿಗ್ಧತೆ, ಉಷ್ಣವಾಹಕತೆ ಹೀಗೆ ಹಲವು ಸಂಗತಿಗಳು h ಅನ್ನು ತೀರ್ಮಾನಿಸುತ್ತವೆ. ಒಂದೊಂದನ್ನೂ ಬೇರೆ ಬೇರೆ ಬದಲಿಸಿ ಪ್ರಯೋಗ ಮಾಡುತ್ತಾ ಕೂತರೆ ಜನ್ಮ ಸಾಲದು. ಇವನ್ನು ಮೂರು ಗುಂಪುಗಳಾಗಿ ಕಟ್ಟಿದರೆ ಕೆಲಸ ಸಲೀಸು. ಪ್ರತಿ ಗುಂಪಿನಲ್ಲೂ ಮೀಟರ್, ಸೆಕೆಂಡ್, ಡಿಗ್ರಿಗಳೆಲ್ಲ ಒಂದನ್ನೊಂದು ಹೊಡೆದುಹಾಕಿ ಬರೀ ಸಂಖ್ಯೆ ಉಳಿಯುತ್ತದೆ. ಆಯಾಮರಹಿತ ಅನ್ನುವುದು ಅದಕ್ಕೇ.

ಮೊದಲನೆಯದು ರೆನಾಲ್ಡ್ಸ್ ಸಂಖ್ಯೆ, Re. ವೇಗವನ್ನು ಉದ್ದದಿಂದ ಗುಣಿಸಿ ಚಲನ ಸ್ನಿಗ್ಧತೆಯಿಂದ ಭಾಗಿಸಿದರೆ ಸಿಗುತ್ತದೆ. ಗಾಳಿಯ ನುಗ್ಗುವ ಬಲ ಅದರ ಅಂಟುತನದ ಮುಂದೆ ಎಷ್ಟು ದೊಡ್ಡದು ಎಂಬುದನ್ನು ಇದು ಹೇಳುತ್ತದೆ. ಎರಡನೆಯದು ಪ್ರಾಂಟಲ್ ಸಂಖ್ಯೆ, Pr. ಇದು ದ್ರವ ಅಥವಾ ಅನಿಲದ ಸ್ವಂತ ಗುಣ. ಮೈಯ ಹತ್ತಿರ ಗಾಳಿ ನಿಧಾನವಾದ ಸುದ್ದಿ ಹೊರಕ್ಕೆ ಹರಡುವ ವೇಗ ಒಂದು, ಬಿಸಿಯಾದ ಸುದ್ದಿ ಹರಡುವ ವೇಗ ಇನ್ನೊಂದು. ಅವೆರಡರ ಅನುಪಾತವೇ Pr. ಗಾಳಿಗೆ ಅದು ಸುಮಾರು 0.72, ಅಂದರೆ ಬಿಸಿಯ ಸುದ್ದಿ ತುಸು ಮುಂದೆ. ಎಂಜಿನ್ ಎಣ್ಣೆಯಲ್ಲಿ ಇದು ನೂರಾರು, ಅಲ್ಲಿ ಬಿಸಿ ಗೋಡೆಯ ಪಕ್ಕದಲ್ಲೇ ಉಳಿದುಬಿಡುತ್ತದೆ.

ಮೂರನೆಯದು ನುಸ್ಸೆಲ್ಟ್ ಸಂಖ್ಯೆ, Nu. ನಾವು ಹುಡುಕುವ h ಅಡಗಿರುವುದು ಇದರೊಳಗೆ. ಹಲಗೆಯ ಉದ್ದದಷ್ಟೇ ದಪ್ಪದ ನಿಶ್ಚಲ ಗಾಳಿಯ ಮೂಲಕ ಬರೀ ವಹನದಿಂದ ಹೋಗಬಹುದಾಗಿದ್ದ ಶಾಖಕ್ಕಿಂತ, ಹರಿಯುವ ಗಾಳಿ ಎಷ್ಟು ಪಟ್ಟು ಹೆಚ್ಚು ಒಯ್ಯುತ್ತಿದೆ ಎಂಬ ಲೆಕ್ಕ ಅದು. ಮೂರನ್ನೂ ಹೀಗೆ ಬರೆಯುತ್ತಾರೆ:

```
Re = V L / ν
Nu = h L / k
Nu = 0.664 Re^(1/2) Pr^(1/3)
```

ಕೊನೆಯ ಸಾಲೇ ಈ ಲೇಖನದ ನಾಯಕ. ಇಲ್ಲಿ V ಗಾಳಿಯ ವೇಗ, L ಗಾಳಿ ಹರಿಯುವ ದಿಕ್ಕಿನಲ್ಲಿ ಹಲಗೆಯ ಉದ್ದ, ν ಚಲನ ಸ್ನಿಗ್ಧತೆ, k ಗಾಳಿಯ ಉಷ್ಣವಾಹಕತೆ. ಹಲಗೆಯದಲ್ಲ, ಗಾಳಿಯದು. 0.664 ಪ್ರಯೋಗದಲ್ಲಿ ಅಂದಾಜಿಗೆ ಹೊಂದಿಸಿದ ಅಂಕಿ ಅಲ್ಲ. ಪ್ರಾಂಟಲ್‌ನ ಶಿಷ್ಯ ಬ್ಲಾಸಿಯಸ್ 1908ರಲ್ಲಿ ಗಡಿಪದರದೊಳಗಿನ ವೇಗವನ್ನು ಗಣಿತದಿಂದಲೇ ಬಿಡಿಸಿದ. 1921ರಲ್ಲಿ ಅರ್ನ್‌ಸ್ಟ್ ಪೋಲ್‌ಹೌಸೆನ್ ಆ ಬಿಡುಗಡೆಯ ಮೇಲೆ ಶಾಖದ ಲೆಕ್ಕ ಕಟ್ಟಿ, ಒಂದು ಬಿಂದುವಿನ ಬೆಲೆಗೆ 0.332 ಎಂಬ ಅಂಕಿಯನ್ನೂ Prನ ಘನಮೂಲವನ್ನೂ ತೋರಿಸಿಕೊಟ್ಟ. 0.332ರ ಎರಡರಷ್ಟು 0.664. ಸರಾಸರಿ ಕೊನೆಯ ತುದಿಯ ಬೆಲೆಯ ಎರಡು ಪಟ್ಟು ಎಂದು ಮೇಲೆ ಹೇಳಿದ್ದು ಇಲ್ಲಿ ಕೂತಿದೆ.

ಈಗ ನಮ್ಮ ಹಲಗೆ. ಮೈ 80 ಡಿಗ್ರಿ, ಗಾಳಿ 30 ಡಿಗ್ರಿ. ಪದರದೊಳಗಿನ ಗಾಳಿ ಇವೆರಡರ ನಡುವೆ ಎಲ್ಲೋ ಇರುತ್ತದೆ, ಆದ್ದರಿಂದ ನಡುವಿನ 55 ಡಿಗ್ರಿಗೆ ಡೇಟಾ ಬುಕ್ ತೆರೆಯಬೇಕು. ಅಲ್ಲಿ ಗಾಳಿಯ ν 0.0000185 ಚದರ ಮೀಟರ್ ಪ್ರತಿ ಸೆಕೆಂಡಿಗೆ, k 0.0277, Pr 0.72. ವೇಗ 2, ಉದ್ದ 0.4 ಮೀಟರ್.

```
Re = 2 × 0.4 / 0.0000185 ≈ 43,200
Nu = 0.664 × 208 × 0.896 ≈ 124
h  = 124 × 0.0277 / 0.4 ≈ 8.6
```

ಇಲ್ಲಿ 208 ಅನ್ನುವುದು 43,200ರ ವರ್ಗಮೂಲ, 0.896 ಅನ್ನುವುದು 0.72ರ ಘನಮೂಲ. ಎರಡನೇ ಸಾಲಿಗೆ ಹೋಗುವ ಮುನ್ನ ಒಂದು ಕ್ಷಣ ನಿಂತು Re ನೋಡಿಕೊಳ್ಳಬೇಕು. 43,200 ಐದು ಲಕ್ಷಕ್ಕಿಂತ ಬಹಳ ಕಡಿಮೆ, ಆದ್ದರಿಂದ ಹರಿವು ಪದರ ಪದರವಾಗಿ ಸಾಗುವ ಲ್ಯಾಮಿನಾರ್ ಹರಿವೇ, ಈ ಸೂತ್ರ ನಡೆಯುತ್ತದೆ. ಹಲಗೆಯ ಒಂದು ಮೈ 0.12 ಚದರ ಮೀಟರ್, ಅಂತರ 50 ಡಿಗ್ರಿ. ಒಂದು ಮೈಯಿಂದ ಸುಮಾರು 52 ವಾಟ್, ಎರಡೂ ಸೇರಿ 103 ವಾಟ್. ಹಳೆಯ ಕಾಲದ ಒಂದು ನೂರು ಕ್ಯಾಂಡಲ್ ಬಲ್ಬಿನಷ್ಟು.

ಉತ್ತರಪತ್ರಿಕೆಗಳಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು 4.3 ಎಂಬ ಉತ್ತರ. 0.332 ಹಾಕಿ ಕೊನೆಯ ತುದಿಯ h ಕಂಡುಹಿಡಿದು, ಅದನ್ನೇ ಇಡೀ ಹಲಗೆಗೆ ಅನ್ವಯಿಸಿದವರದು ಅದು. ಶಾಖ ಅರ್ಧಕ್ಕೆ ಇಳಿದುಬಿಡುತ್ತದೆ. ಎರಡನೇ ತಪ್ಪು ಉದ್ದದ್ದು. L ಅಂದರೆ ಹಲಗೆಯ ದೊಡ್ಡ ಬದಿ ಎಂದು ತಿಳಿದವರಿದ್ದಾರೆ. ಗಾಳಿ 30 ಸೆಂಟಿಮೀಟರ್ ಬದಿಯ ಉದ್ದಕ್ಕೆ ಹರಿದರೆ L ಆಗುವುದು 0.3, h ಏರುವುದು 9.9ಕ್ಕೆ. ಹಲಗೆ ಅದೇ, ಗಾಳಿ ಅದೇ. ಅಡ್ಡ ತಿರುಗಿಸಿದ್ದಕ್ಕೆ ಶೇಕಡಾ 15ರಷ್ಟು ಹೆಚ್ಚು ಶಾಖ.

ಮೂರನೆಯದು 55 ಡಿಗ್ರಿಗೆ ಬದಲು 30 ಡಿಗ್ರಿಯ ಬೆಲೆಗಳನ್ನು ಹಾಕುವುದು. ಇದು ಗಾಳಿಯಲ್ಲಿ ಅಡಗಿಕೊಳ್ಳುವ ತಪ್ಪು. ಬಿಸಿಯಾದಾಗ ಗಾಳಿಯ ವಾಹಕತೆಯೂ ಸ್ನಿಗ್ಧತೆಯೂ ಒಟ್ಟಿಗೆ ಏರಿ ಒಂದನ್ನೊಂದು ಸರಿತೂಗಿಸುವುದರಿಂದ h ಹೆಚ್ಚುಕಡಿಮೆ ಅಷ್ಟೇ ಬರುತ್ತದೆ, ವಿದ್ಯಾರ್ಥಿಗೆ ತಪ್ಪಿನ ಸುಳಿವೇ ಸಿಗುವುದಿಲ್ಲ. ಅದೇ ಅಭ್ಯಾಸದಿಂದ ಎಣ್ಣೆಯ ಲೆಕ್ಕಕ್ಕೆ ಇಳಿದಾಗ ಸಿಕ್ಕಿಹಾಕಿಕೊಳ್ಳುತ್ತಾನೆ, ಏಕೆಂದರೆ ಎಣ್ಣೆಯ ಸ್ನಿಗ್ಧತೆ ಉಷ್ಣಾಂಶದೊಂದಿಗೆ ಹಲವು ಪಟ್ಟು ಬದಲಾಗುತ್ತದೆ.

ಸರಿ, 8.6 ನಿಜವೇ? ಅದಕ್ಕೇ ಗಡಿಯಾರ. ನಮ್ಮ ಹಲಗೆಯ ತೂಕ 1.62 ಕಿಲೋ. ಅಷ್ಟು ಅಲ್ಯೂಮಿನಿಯಂ ಒಂದು ಡಿಗ್ರಿ ಆರಬೇಕಾದರೆ ಸುಮಾರು 1,460 ಜೂಲ್ ಶಾಖ ಹೊರಗೆ ಹೋಗಬೇಕು. h 8.6 ಎಂದಿಟ್ಟು ಲೆಕ್ಕ ಹಾಕಿದರೆ 80ರಿಂದ 55ಕ್ಕೆ, ಅಂದರೆ ಗಾಳಿಗಿಂತ ಹೆಚ್ಚಿದ್ದ ಬಿಸಿ ಅರ್ಧಕ್ಕೆ ಇಳಿಯಲು, ಎಂಟು ನಿಮಿಷದ ಮೇಲೆ ಸ್ವಲ್ಪ ಬೇಕು. ಲ್ಯಾಬಿನಲ್ಲಿ ಹೊಳೆಯುವ ಹಲಗೆ ಏಳೂವರೆ ನಿಮಿಷದ ಆಸುಪಾಸಿಗೆ ಅಲ್ಲಿಗೆ ಬರುತ್ತಿತ್ತು. ತಂತಿಗಳು, ಅಂಚುಗಳು, ತುಸು ವಿಕಿರಣ, ಇವೆಲ್ಲ ಸೇರಿ ಅಷ್ಟು ಬೇಗ ಆರಿಸುತ್ತವೆ. ನೂರು ವರ್ಷದ ಹಿಂದೆ ಕಾಗದದ ಮೇಲೆ ಬಿಡಿಸಿದ ಲೆಕ್ಕ ನಮ್ಮ ಗಡಿಯಾರದ ಇಷ್ಟು ಹತ್ತಿರ ಬಂದಾಗಲೆಲ್ಲ ನನಗೆ ಸಂತೋಷವಾಗುತ್ತಿತ್ತು.

ಒಂದು ವರ್ಷ ಹಲಗೆಗೆ ತುಕ್ಕುಕಲೆ ಬಿದ್ದಿದೆಯೆಂದು ಯಾರೋ ಅದಕ್ಕೆ ಮಾಸಲು ಕಪ್ಪು ಬಣ್ಣ ಬಳಿದುಬಿಟ್ಟರು. ಆ ವಾರದ ತಂಡಕ್ಕೆ ಬಂದ ಸಮಯ ನಾಲ್ಕೂವರೆ ನಿಮಿಷ. ಸೂತ್ರವೇ ತಪ್ಪು ಎಂದು ವರದಿ ಬರೆಯಲು ಹುಡುಗರು ಕೂತಿದ್ದರು. ಸೂತ್ರ ತಪ್ಪಾಗಿರಲಿಲ್ಲ. ಹೊಳೆಯುವ ಅಲ್ಯೂಮಿನಿಯಂ ವಿಕಿರಣದಿಂದ ಕಳೆದುಕೊಳ್ಳುವ ಶಾಖ ನಗಣ್ಯ. ಕಪ್ಪು ಬಣ್ಣದ ಮೈ ಇದೇ ಉಷ್ಣಾಂಶದಲ್ಲಿ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿಗೆ ಇನ್ನೂ ಏಳು ವಾಟಿನಷ್ಟು ಸುರಂಗದ ಗೋಡೆಗಳಿಗೆ ಸೂಸುತ್ತದೆ. ಗಾಳಿ ಒಯ್ಯುವ 8.6ಕ್ಕೆ ಅದು ಸೇರಿ ಹೆಚ್ಚುಕಡಿಮೆ ಎರಡು ಪಟ್ಟಾಗಿತ್ತು. ನಮ್ಮ ಸೂತ್ರ ಗಾಳಿಯ ಪಾಲನ್ನು ಮಾತ್ರ ಹೇಳುತ್ತದೆ.

ಸೂತ್ರಕ್ಕೆ ಗಡಿಗಳೂ ಇವೆ. ಫ್ಯಾನ್ ತೀರ ನಿಧಾನವಾಗಿ, ಸೆಕೆಂಡಿಗೆ ಅರ್ಧ ಮೀಟರ್‌ಗೆ ಇಳಿಸಿದರೆ, ಬಿಸಿಯಾದ ಗಾಳಿ ಹಗುರವಾಗಿ ತಾನೇ ಮೇಲೇಳುವ ಹರಿವು ಫ್ಯಾನಿನ ಹರಿವನ್ನು ಮೀರಿಸುತ್ತದೆ. ಹಲಗೆಯ ಹತ್ತಿರ ಊದುಬತ್ತಿ ಹಿಡಿದರೆ ಹೊಗೆ ನೇರವಾಗಿ ಹಿಂದಕ್ಕೆ ಹೋಗದೆ ಓರೆಯಾಗಿ ಮೇಲಕ್ಕೆ ಎದ್ದುಹೋಗುವುದು ಕಣ್ಣಿಗೇ ಕಾಣುತ್ತದೆ. ಆಗ 0.664 ಬಳಸಬಾರದು.

ಇನ್ನೊಂದು ಗಡಿ Re ಐದು ಲಕ್ಷದ್ದು. ನಮ್ಮ ವೇಗದಲ್ಲಿ ಅದು ಬರಬೇಕಾದರೆ ನಾಲ್ಕೂವರೆ ಮೀಟರಿಗಿಂತ ಉದ್ದದ ಹಲಗೆ ಬೇಕು. ಆ ಹೊತ್ತಿಗೆ ಪದರಗಳು ಒಂದರೊಳಗೊಂದು ಕಲಸಿ ಸುಳಿಸುಳಿಯಾದ ಟರ್ಬುಲೆಂಟ್ ಹರಿವಾಗುತ್ತದೆ, h ಏಕಾಏಕಿ ಏರುತ್ತದೆ, ಸೂತ್ರ ಬೇರೆ ಬೇಕಾಗುತ್ತದೆ. ಆದರೆ ಐದು ಲಕ್ಷ ಎಂಬುದು ಗೋಡೆ ಕಟ್ಟಿದ ಗಡಿಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಮತ್ತು ಅವರ ಶಿಷ್ಯ ರೊದ್ದಂ ನರಸಿಂಹ ಇದೇ ನಡುವಿನ ವಲಯವನ್ನು ಬೆನ್ನುಹತ್ತಿ 1958ರಲ್ಲಿ ಪ್ರಬಂಧ ಪ್ರಕಟಿಸಿದರು. ಆ ವಲಯದಲ್ಲಿ ಒಂದೇ ಜಾಗದಲ್ಲಿ ಹರಿವು ಒಮ್ಮೆ ಶಾಂತ, ಮರುಕ್ಷಣ ಪ್ರಕ್ಷುಬ್ಧ. ಎಷ್ಟು ಪಾಲು ಸಮಯ ಅದು ಪ್ರಕ್ಷುಬ್ಧವಾಗಿರುತ್ತದೆ ಎಂಬುದನ್ನು ಹಿಡಿದು ಆ ವಲಯವನ್ನು ವರ್ಣಿಸಬಹುದೆಂದು ಅವರು ತೋರಿಸಿದರು. ಮುಂದೆ ಇಸ್ರೋ ಅಧ್ಯಕ್ಷರಾದ ಅದೇ ಧವನ್ ಅವರು.

ಬಯಲಿನಲ್ಲಿ ಈ ಬದಲಾವಣೆ ಇನ್ನೂ ಬೇಗ ಆಗುತ್ತದೆ. ತಾರಸಿಯ ಮೇಲೆ ಬೀಸುವ ಗಾಳಿ ಸುರಂಗದ ಗಾಳಿಯಂತೆ ಸಮನಾಗಿ ಬರುವುದಿಲ್ಲ, ಮರ ಗೋಡೆಗಳಿಗೆ ಬಡಿದು ಆಗಲೇ ಕದಡಿರುತ್ತದೆ. ಟೇಬಲ್ ಫ್ಯಾನಿನದೂ ಅಷ್ಟೇ. ಅಂಥ ಕಡೆ ನಮ್ಮ ಸೂತ್ರ ಹೇಳುವುದಕ್ಕಿಂತ ಹೆಚ್ಚು ಶಾಖ ಹೋಗುತ್ತದೆ. ಹಲಗೆಯ ಮುಂದಿನ ಅಂಚು ಮೊಂಡಾಗಿದ್ದರೂ ಗಾಳಿ ಅಲ್ಲೇ ಮೈಯಿಂದ ಎದ್ದು ಸುಳಿಯಾಗುತ್ತದೆ. ನಾವು ಅರ ಹಿಡಿದು ಅಂಚನ್ನು ಅಷ್ಟು ಹೊತ್ತು ಅರೆದದ್ದು ಅದಕ್ಕೇ.

ಡೇಟಾ ಬುಕ್ ಮಗುಚುತ್ತಿದ್ದ ಹುಡುಗನಿಗೆ ಕೊನೆಗೆ ನಾನು ಒಂದು ಲೆಕ್ಕ ಕೊಟ್ಟೆ. ಈ ಹಲಗೆಯನ್ನು ನಾಲ್ಕು ತುಂಡು ಮಾಡು, ಪ್ರತಿಯೊಂದೂ ಗಾಳಿಯ ದಿಕ್ಕಿನಲ್ಲಿ 10 ಸೆಂಟಿಮೀಟರ್. ಪ್ರತಿ ತುಂಡಿಗೂ ತಾಜಾ ಗಾಳಿ ಸಿಗುವ ಹಾಗೆ ಬಿಡಿಬಿಡಿಯಾಗಿ ನಿಲ್ಲಿಸು. ಈಗ h ಎಷ್ಟು? ಅವನು ಬರೆದು ಬರೆದು 17 ಅಂದ. ಇಮ್ಮಡಿ. ಲೋಹ ಒಂದು ಗ್ರಾಂ ಹೆಚ್ಚಿಲ್ಲ, ಫ್ಯಾನಿನ ವೇಗವೂ ಅಷ್ಟೇ, ಹೊಸ ಅಂಚುಗಳು ಸಿಕ್ಕವು ಅಷ್ಟೇ. "ಒಂದರ ಹಿಂದೆ ಒಂದು ಸಾಲಾಗಿ ಇಟ್ಟರೆ ಸರ್?" ಎಂದು ಕೇಳಿದ. ಹಾಗಿಟ್ಟರೆ ಮುಂದಿನ ತುಂಡು ಕಾಯಿಸಿ ನಿಧಾನಗೊಳಿಸಿದ ಗಾಳಿಯೇ ಹಿಂದಿನದಕ್ಕೆ ಸಿಗುತ್ತದೆ, ಲಾಭ ಪೂರ್ತಿ ಬರುವುದಿಲ್ಲ, ಒಂದು ಬಿಟ್ಟು ಒಂದು ತುಸು ಪಕ್ಕಕ್ಕೆ ಸರಿಸಬೇಕು ಅಂದೆ. ಆಮೇಲೆ ಇಬ್ಬರೂ ಹೊರಗೆ ಹೋಗಿ, ಆಟೊಮೊಬೈಲ್ ವಿಭಾಗದ ಷೆಡ್ಡಿನಲ್ಲಿ ಬಿಚ್ಚಿಟ್ಟಿದ್ದ ಕಾರಿನ ರೇಡಿಯೇಟರನ್ನು ಬೆಳಕಿಗೆ ಹಿಡಿದು ನೋಡಿದೆವು. ಕೊಳವೆಗಳ ನಡುವೆ ಮಡಿಸಿದ ತೆಳು ತಗಡುಗಳ ಮೈಯಲ್ಲೆಲ್ಲ ಮಿಲಿಮೀಟರ್ ಅಳತೆಯ ಸೀಳುಗಳು, ಪ್ರತಿ ಸೀಳಿನ ತುಟಿ ಕಿಟಕಿಯ ಓರೆ ಪಟ್ಟಿಯಂತೆ ಬಾಗಿ ಗಾಳಿಗೆ ಮುಖ ಕೊಟ್ಟು ನಿಂತಿತ್ತು. ಅವನು ಉಗುರಿನಿಂದ ಒಂದೊಂದೇ ಅಂಚನ್ನು ಎಣಿಸತೊಡಗಿದ.